ಏಳು ಬಿಟ್ ಡೇಟಾಗೆ ಪ್ಯಾರಿಟಿ ಜನರೇಟರ್ ಮತ್ತು ಚೆಕರ್: ಜೋಡಿಸುವ ಕ್ರಮ, ಪರೀಕ್ಷಿಸುವ ಬಗೆ, ಅದಕ್ಕೆ ಕಾಣದ ತಪ್ಪುಗಳು

ತುಮಕೂರಿನ ಡಿಪ್ಲೊಮಾ ಹುಡುಗರಿಂದ ಬರುವ ದೂರು ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ. "ಸರ್, ಸರ್ಕ್ಯೂಟ್ ಡಯಾಗ್ರಾಂ ಸರಿಯಾಗಿದೆ, ಆದ್ರೆ ಎರರ್ ಎಲ್‌ಇಡಿ ಆರೋದೇ ಇಲ್ಲ." ಇನ್ನು ಕೆಲವರದು ಇದರ ಉಲ್ಟಾ. ಏನು ಮಾಡಿದರೂ ಆ ಎಲ್‌ಇಡಿ ಹತ್ತುವುದೇ ಇಲ್ಲ. ಬೋರ್ಡ್ ನೋಡಿದರೆ ಕಾರಣ ಅದೇ ನಾಲ್ಕೈದು. ಆದ್ದರಿಂದ ಇಲ್ಲಿ ಥಿಯರಿ ಕಡಿಮೆ ಇಟ್ಟು, ಯಾವುದರ ನಂತರ ಯಾವುದನ್ನು ಮಾಡಬೇಕು, ಎಲ್ಲಿ ಕೈಕೊಡುತ್ತದೆ, ಕೈಕೊಟ್ಟಿದ್ದು ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಬರೆದಿದ್ದೇನೆ.

## 1. ವೈರ್ ಮುಟ್ಟುವ ಮೊದಲು: ಯಾವ ಪ್ಯಾರಿಟಿ?

ಡೇಟಾ ಏಳು ಬಿಟ್: D6, D5, D4, D3, D2, D1, D0. ದಾರಿಯಲ್ಲಿ ಬಿಟ್ ಕೆಟ್ಟರೆ ಗೊತ್ತಾಗಲಿ ಅಂತ ಅದಕ್ಕೆ P ಎಂಬ ಎಂಟನೇ ಬಿಟ್ ಸೇರಿಸುತ್ತೇವೆ. P ಲೆಕ್ಕ ಹಾಕಿ ಕೊಡುವುದು ಜನರೇಟರ್, ಆಚೆ ಕಡೆ ಎಂಟೂ ಬಿಟ್ ನೋಡಿ ತಪ್ಪು ಹೇಳುವುದು ಚೆಕರ್. ಈವನ್ ಪ್ಯಾರಿಟಿ ಅಂದರೆ ಎಂಟೂ ಬಿಟ್‌ಗಳನ್ನು ಸೇರಿಸಿ ಎಣಿಸಿದಾಗ 1ಗಳ ಸಂಖ್ಯೆ ಸಮ ಇರಬೇಕು. ಆಡ್ ಪ್ಯಾರಿಟಿ ಅಂದರೆ ಬೆಸ ಇರಬೇಕು.

ಇಲ್ಲೇ ಮೊದಲ ಗೊಂದಲ. ಈವನ್ ಅಂದಾಕ್ಷಣ "ಡೇಟಾದಲ್ಲಿ 1ಗಳು ಸಮ ಇದ್ದರೆ P = 1" ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಎಣಿಕೆ P ಸೇರಿದ ಮೇಲಿನದು. ಡೇಟಾದಲ್ಲಿ ಆಗಲೇ ಸಮ ಇದ್ದರೆ P = 0, ಬೆಸ ಇದ್ದರೆ ಸಮ ಮಾಡಲು P = 1.

ಅಕ್ಷರ T ತೆಗೆದುಕೊಳ್ಳಿ. ಆಸ್ಕಿಯಲ್ಲಿ ಅದು 84, ಏಳು ಬಿಟ್‌ನಲ್ಲಿ 1010100. ಮೂರು 1 ಇವೆ. ಈವನ್‌ಗೆ P = 1. ಅಕ್ಷರ K 75, ಅಂದರೆ 1001011. ನಾಲ್ಕು 1. ಈವನ್‌ಗೆ P = 0. ಈ ಎರಡು ಅಕ್ಷರಗಳನ್ನು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಇವನ್ನೇ ಬಳಸುತ್ತೇವೆ.

ಸೂತ್ರ ಇಷ್ಟೇ, ⊕ ಅಂದರೆ ಎಕ್ಸ್‌ಆರ್:

```
ಈವನ್:  P = D6 ⊕ D5 ⊕ D4 ⊕ D3 ⊕ D2 ⊕ D1 ⊕ D0
ಆಡ್:   P = ಅದೇ ಉತ್ತರ ⊕ 1
```

ಎರಡನೇ ಸಾಲು ಗಮನಿಸಿ. ಆಡ್‌ಗೆ ಬೇರೆ ಸರ್ಕ್ಯೂಟ್ ಬೇಡ, ನಾಟ್ ಗೇಟ್ ಕೂಡ ಬೇಡ. ಉಳಿದಿರುವ ಒಂದು ಎಕ್ಸ್‌ಆರ್ ಗೇಟಿನ ಒಂದು ಕಾಲಿಗೆ 1 ಕೊಟ್ಟರೆ ಸಾಕು. ಆ ಕಾಲನ್ನು ಒಂದು ಸ್ವಿಚ್‌ಗೆ ಕೊಟ್ಟು ಅದಕ್ಕೆ ಮೋಡ್ ಅಂತ ಹೆಸರಿಡೋಣ. 0 ಅಂದರೆ ಈವನ್, 1 ಅಂದರೆ ಆಡ್.

## 2. ಬೇಕಾದ ಸಾಮಾನು

ಏಳು ಇನ್‌ಪುಟ್ ಕೂಡಿಸಲು ಆರು ಎಕ್ಸ್‌ಆರ್ ಗೇಟ್ ಬೇಕು. ಎಂಟು ಇನ್‌ಪುಟ್‌ನ ಚೆಕರ್‌ಗೆ ಏಳು. ಎರಡರಲ್ಲೂ ಮೋಡ್‌ಗೆ ಒಂದೊಂದು. ಒಟ್ಟು ಹದಿನೈದು. ಒಂದು 7486 ಐಸಿಯಲ್ಲಿ ನಾಲ್ಕು ಗೇಟ್ ಇರುವುದರಿಂದ ನಾಲ್ಕು ಐಸಿ ಸಾಕು, ಒಂದು ಗೇಟ್ ಉಳಿಯುತ್ತದೆ.

ನಾಲ್ಕೂ ಒಂದೇ ಕುಟುಂಬದವಾಗಿರಲಿ. ಇಲ್ಲಿ 74LS86 ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಊರಿನ ಅಂಗಡಿಯಲ್ಲಿ ಸಿಗದೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವವರು ಐಸಿ ಮೇಲಿನ ಬರಹವನ್ನು ಕೌಂಟರ್‌ನಲ್ಲೇ ಓದಿ ನೋಡಿ. 7432 ಮತ್ತು 7408ರ ಕಾಲುಗಳ ಜೋಡಣೆಯೂ 7486ರದ್ದೇ. ಬದಲಾಗಿ ಬಂದರೆ ಹೊಗೆ ಬರಲ್ಲ, ಬಿಸಿ ಆಗಲ್ಲ, ಉತ್ತರ ಮಾತ್ರ ಅಲ್ಲಲ್ಲಿ ತಪ್ಪಾಗುತ್ತದೆ.

ಸ್ವಿಚ್‌ಗಳನ್ನು ನೀವೇ ಕಟ್ಟುವುದಾದರೆ ಒಂದು ಎಚ್ಚರಿಕೆ. ಮೈಕ್ರೋಕಂಟ್ರೋಲರ್ ಅಭ್ಯಾಸ ಇರುವವರು 10 ಕಿಲೋ ಓಮ್ ರೆಸಿಸ್ಟರ್ ಅನ್ನು ಗ್ರೌಂಡ್‌ಗೆ ಹಾಕಿ, ಸ್ವಿಚ್ ಒತ್ತಿದರೆ 5 ವೋಲ್ಟ್ ಬರುವ ಹಾಗೆ ಮಾಡುತ್ತಾರೆ. ಎಲ್‌ಎಸ್ ಐಸಿಯಲ್ಲಿ ಇದು ನಡೆಯಲ್ಲ. ಇನ್‌ಪುಟ್ ಕಾಲಿನಿಂದಲೇ ಕರೆಂಟ್ ಹೊರಬರುತ್ತದೆ. ಅದು 10 ಕಿಲೋ ಮೂಲಕ ಗ್ರೌಂಡ್‌ಗೆ ಹೋಗುವಾಗ ಕಾಲಿನ ವೋಲ್ಟೇಜ್ 0.8ಕ್ಕಿಂತ ಮೇಲೇ ನಿಲ್ಲುತ್ತದೆ. ಐಸಿ ಅದನ್ನು 0 ಅಂತ ಒಪ್ಪುವುದಿಲ್ಲ. ಆದ್ದರಿಂದ ರೆಸಿಸ್ಟರ್ 5 ವೋಲ್ಟ್ ಕಡೆಗೆ ಇರಲಿ (4.7 ಕಿಲೋ ಸಾಕು), ಸ್ವಿಚ್ ನೇರ ಗ್ರೌಂಡ್‌ಗೆ ಹೋಗಲಿ. ಸ್ವಿಚ್ ತೆರೆದರೆ 1, ಮುಚ್ಚಿದರೆ 0.

ಎಲ್‌ಇಡಿಗೂ ಇದೇ ತರಹದ ತೊಂದರೆ. ಎಲ್‌ಎಸ್ ಔಟ್‌ಪುಟ್ 1 ಇರುವಾಗ ಕೊಡಬಲ್ಲ ಕರೆಂಟ್ ಬರೀ 0.4 ಮಿಲಿಆಂಪ್. ಔಟ್‌ಪುಟ್‌ನಿಂದ ನೇರ ಎಲ್‌ಇಡಿ ಹಾಕಿ ಗ್ರೌಂಡ್‌ಗೆ ಬಿಟ್ಟರೆ ಎಲ್‌ಇಡಿ ಏನೋ ಮಂಕಾಗಿ ಹತ್ತುತ್ತದೆ, ಆದರೆ ಆ ತಂತಿಯ ವೋಲ್ಟೇಜ್ 2ಕ್ಕಿಂತ ಕೆಳಗೆ ಕುಸಿಯಬಹುದು. ಅದೇ ತಂತಿ ಮುಂದಿನ ಗೇಟಿಗೂ ಹೋಗುತ್ತಿದ್ದರೆ ಆ ಗೇಟ್ ಅದನ್ನು 1 ಅಂತ ಓದುತ್ತದೆ ಅನ್ನುವ ಭರವಸೆ ಇಲ್ಲ. P ತಂತಿಗೆ ಎಲ್‌ಇಡಿ ಹಾಕಿದ ತಕ್ಷಣ ಚೆಕರ್ ಹುಚ್ಚಾಟ ಶುರು ಮಾಡಿದರೆ ಕಾರಣ ಇದೇ. ಟ್ರೇನರ್ ಕಿಟ್‌ನಲ್ಲಿರುವ ಎಲ್‌ಇಡಿಗಳಿಗೆ ಸಾಮಾನ್ಯವಾಗಿ ಒಳಗೇ ಡ್ರೈವರ್ ಇರುತ್ತದೆ, ಅವನ್ನು ಬಳಸಿ. ಇಲ್ಲದಿದ್ದರೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಬೇಸ್‌ಗೆ 10 ಕಿಲೋ, ಕಲೆಕ್ಟರ್‌ನಲ್ಲಿ 470 ಓಮ್ ಮತ್ತು ಎಲ್‌ಇಡಿ.

ಉಳಿದದ್ದು: ಸ್ಥಿರವಾದ 5 ವೋಲ್ಟ್ ಸಪ್ಲೈ, ಪ್ರತಿ ಐಸಿಗೆ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಮಲ್ಟಿಮೀಟರ್. ದೊಡ್ಡ ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ಎಷ್ಟೋ ಸಲ ಮಧ್ಯದಲ್ಲಿ ತುಂಡಾಗಿರುತ್ತದೆ. ಎಡಗಡೆಯ ಎರಡು ಐಸಿಗೆ ಕರೆಂಟ್ ಇದೆ, ಬಲಗಡೆಯವಕ್ಕೆ ಇಲ್ಲ, ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಾಲ್ಕೂ ಐಸಿಗಳ 14ನೇ ಮತ್ತು 7ನೇ ಕಾಲಿನ ನಡುವೆ 5 ವೋಲ್ಟ್ ಇದೆಯಾ ಅಂತ ಐಸಿಯ ಕಾಲಿನ ಮೇಲೇ ಮೀಟರ್ ಇಟ್ಟು ಅಳೆಯಿರಿ.

## 3. ಜನರೇಟರ್ ಕಟ್ಟುವುದು

7486ರ ಎಡಗಡೆ 1, 2 ಇನ್‌ಪುಟ್, 3 ಔಟ್‌ಪುಟ್. 4, 5 ಇನ್‌ಪುಟ್, 6 ಔಟ್‌ಪುಟ್. ಬಲಗಡೆಗೆ ಬಂದಾಗ ಇದೇ ಲೆಕ್ಕ ಮುಂದುವರಿಸಬೇಡಿ. ಅಲ್ಲಿ 8 ಔಟ್‌ಪುಟ್, 9 ಮತ್ತು 10 ಇನ್‌ಪುಟ್. 11 ಔಟ್‌ಪುಟ್, 12 ಮತ್ತು 13 ಇನ್‌ಪುಟ್. 8ನೇ ಕಾಲಿಗೆ ಸ್ವಿಚ್ ಕೊಟ್ಟವರ ಐಸಿ ಬೆರಳಿಗೆ ಬಿಸಿ ಹತ್ತುತ್ತದೆ, ಯಾಕೆಂದರೆ ಗೇಟಿನ ಔಟ್‌ಪುಟ್ 1 ಆದಾಗಲೆಲ್ಲ ಸ್ವಿಚ್ ಅದನ್ನು ಗ್ರೌಂಡ್‌ಗೆ ಶಾರ್ಟ್ ಮಾಡುತ್ತಿರುತ್ತದೆ.

```
ಐಸಿ 1
1 = D6    2 = D5     3 → ಐಸಿ 1ರ 12
4 = D4    5 = D3     6 → ಐಸಿ 1ರ 13
9 = D2   10 = D1     8 → ಐಸಿ 2ರ 1
                    11 → ಐಸಿ 2ರ 4
ಐಸಿ 2
2 = D0               3 → ಐಸಿ 2ರ 5
                     6 → ಐಸಿ 2ರ 9
10 = ಮೋಡ್            8 = P
12, 13 = ಗ್ರೌಂಡ್
```

ಒಂದು ಗೇಟ್ ಹಾಕಿ, ಅದರ ಔಟ್‌ಪುಟ್ ನೋಡಿ, ನಂತರ ಮುಂದಿನದು. ಎಲ್ಲ ವೈರ್ ಹಾಕಿ ಕೊನೆಗೆ ಪವರ್ ಕೊಡುವವರಿಗೆ ಉಳಿತಾಯವಾಗುವ ಹತ್ತು ನಿಮಿಷ ಹುಡುಕಾಟದಲ್ಲಿ ಒಂದು ಗಂಟೆಯಾಗಿ ಹೋಗುತ್ತದೆ.

ಯಾವ ಇನ್‌ಪುಟ್ ಕಾಲನ್ನೂ ಸುಮ್ನೆ ಗಾಳಿಯಲ್ಲಿ ಬಿಡಬೇಡಿ. ಎಲ್‌ಎಸ್ ಐಸಿ ತೆರೆದ ಕಾಲನ್ನು 1 ಅಂತ ಓದುತ್ತದೆ. ಆಂಡ್ ಗೇಟ್ ಆಗಿದ್ದರೆ ಇದರಿಂದ ಅಷ್ಟೇನೂ ಆಗುತ್ತಿರಲಿಲ್ಲ. ಎಕ್ಸ್‌ಆರ್‌ನಲ್ಲಿ ಒಂದು ತೆರೆದ ಕಾಲು ಇಡೀ ಉತ್ತರವನ್ನು ತಿರುಗಿಸಿಬಿಡುತ್ತದೆ.

## 4. ಜನರೇಟರ್ ಪರೀಕ್ಷೆ: 128 ಸಾಲು ಬೇಡ

ಏಳು ಬಿಟ್‌ಗೆ 128 ಜೋಡಣೆ. ರೆಕಾರ್ಡ್ ಬುಕ್‌ನಲ್ಲಿ ಬರೆಯಬೇಕಾದರೆ ಬರೆಯಿರಿ. ಆದರೆ ಸರ್ಕ್ಯೂಟ್ ಸರಿ ಇದೆಯೇ ಅಂತ ತಿಳಿಯಲು ಅಷ್ಟು ಬೇಕಿಲ್ಲ. ಎಕ್ಸ್‌ಆರ್ ಮರದ ಒಂದು ಗುಣ ಏನೆಂದರೆ, ಯಾವ ಸ್ಥಿತಿಯಲ್ಲಿದ್ದರೂ ಒಂದೇ ಒಂದು ಇನ್‌ಪುಟ್ ಬದಲಿಸಿದರೆ ಔಟ್‌ಪುಟ್ ಬದಲಾಗಲೇಬೇಕು. ಅದನ್ನೇ ಬಳಸಿಕೊಳ್ಳೋಣ. ಮೋಡ್ 0ಯಲ್ಲಿ ಇರಲಿ.

ಮೊದಲ ಸುತ್ತು. ಏಳೂ ಸ್ವಿಚ್ 0 ಮಾಡಿ. P = 0 ಇರಬೇಕು. ಈಗ ಒಂದು ಸ್ವಿಚ್ ಮಾತ್ರ 1 ಮಾಡಿ, P = 1 ಬಂತಾ ನೋಡಿ, ಮತ್ತೆ 0ಗೆ ತನ್ನಿ. ಹೀಗೆ ಏಳಕ್ಕೂ ಒಂದೊಂದು ಸಲ.

ಇಷ್ಟಕ್ಕೇ ನಿಲ್ಲಿಸಬಾರದು. ಐಸಿ 7432 ಆಗಿದ್ದರೂ ಈ ಸುತ್ತು ಪಾಸ್ ಆಗುತ್ತದೆ, ಅಲ್ವಾ? ಆರ್ ಗೇಟಿಗೂ ಒಂದು 1 ಕೊಟ್ಟರೆ 1 ಬರುತ್ತದೆ. ಆರ್‌ಗೂ ಎಕ್ಸ್‌ಆರ್‌ಗೂ ವ್ಯತ್ಯಾಸ ಕಾಣುವುದು ಎರಡೂ ಕಾಲಿಗೆ 1 ಬಂದಾಗ ಮಾತ್ರ.

ಎರಡನೇ ಸುತ್ತು. ಏಳೂ ಸ್ವಿಚ್ 0ಯಿಂದ ಶುರು ಮಾಡಿ. ಈಗ ಒಂದೊಂದಾಗಿ 1 ಮಾಡುತ್ತಾ ಹೋಗಿ, ಯಾವುದನ್ನೂ ವಾಪಸ್ ತರಬೇಡಿ. ಕ್ರಮ ಹೀಗಿರಲಿ:

```
D0  D1  D3  D5  D2  D4  D6
 1   0   1   0   1   0   1   ← P
```

D0ಯಿಂದ D6ವರೆಗೆ ಸಾಲಾಗಿ ಯಾಕೆ ಬೇಡ? ಸಾಲಾಗಿ ಹೋದರೆ ಐಸಿ 1ರ ಕೊನೆಯ ಗೇಟಿನ ಎರಡೂ ಕಾಲಿಗೆ, ಅಂದರೆ 12 ಮತ್ತು 13ಕ್ಕೆ, ಒಟ್ಟಿಗೆ 1 ಬರುವುದೇ ಇಲ್ಲ. D3 ಹಾಕಿದಾಗ 13ಕ್ಕೆ 1 ಬರುತ್ತದೆ. D4 ಹಾಕಿದಾಗ ಅದು ಮತ್ತೆ 0 ಆಗುತ್ತದೆ. ಆಮೇಲಷ್ಟೇ 12ರ ಸರದಿ. ಆ ಒಂದು ಗೇಟ್ ಕೆಟ್ಟಿದ್ದರೂ ತಪ್ಪಿಸಿಕೊಂಡು ಹೋಗುತ್ತದೆ. ಮೇಲಿನ ಕ್ರಮದಲ್ಲಿ D3 ಆದ ಮೇಲೆ D5 ಬರುವುದರಿಂದ 12, 13 ಎರಡಕ್ಕೂ 1 ಬರುತ್ತದೆ. D4 ಹಾಕಿದಾಗ ಐಸಿ 2ರ 4, 5 ಎರಡೂ ಕಾಲಿಗೆ 1 ಬರುತ್ತದೆ. ಎರಡೂ ಸುತ್ತು ಸೇರಿಸಿದರೆ ಆರೂ ಗೇಟುಗಳು ನಾಲ್ಕೂ ಬಗೆಯ ಇನ್‌ಪುಟ್ ನೋಡಿರುತ್ತವೆ.

ಆಮೇಲೆ ಮೋಡ್ 1 ಮಾಡಿ. ಏಳೂ 0 ಇದ್ದಾಗ P = 1, D0 ಮಾತ್ರ 1 ಇದ್ದಾಗ P = 0. ಇಷ್ಟಾದರೆ ಜನರೇಟರ್ ಮುಗಿಯಿತು. ಕೊನೆಯದಾಗಿ T ಮತ್ತು K ಇಟ್ಟು, ಮೋಡ್ 0ಯಲ್ಲಿ 1 ಮತ್ತು 0 ಬರುತ್ತದೆಯೇ ನೋಡಿಕೊಳ್ಳಿ.

## 5. ಚೆಕರ್

ಚೆಕರ್ ಅಂದರೆ ಎಂಟು ಇನ್‌ಪುಟ್‌ನ ಅದೇ ಮರ. ಎಂಟೂ ಬಿಟ್ ಕೂಡಿಸಿದಾಗ 0 ಬಂದರೆ 1ಗಳ ಸಂಖ್ಯೆ ಸಮ, 1 ಬಂದರೆ ಬೆಸ. ಈವನ್‌ನಲ್ಲಿ ಬೆಸ ಬಂದರೆ ತಪ್ಪು ನಡೆದಿದೆ ಅಂತ. ಕೊನೆಯಲ್ಲಿ ಮೋಡ್ ಜೊತೆ ಇನ್ನೊಂದು ಎಕ್ಸ್‌ಆರ್ ಹಾಕುವುದರಿಂದ ಈವನ್ ಇರಲಿ ಆಡ್ ಇರಲಿ, E = 1 ಅಂದರೆ ಎರರ್.

```
ಐಸಿ 3
1 = D6    2 = D5     3 → ಐಸಿ 4ರ 1
4 = D4    5 = D3     6 → ಐಸಿ 4ರ 2
9 = D2   10 = D1     8 → ಐಸಿ 4ರ 4
12 = D0  13 = P     11 → ಐಸಿ 4ರ 5
ಐಸಿ 4
3 → 9     6 → 10     8 → 12
13 = ಮೋಡ್           11 = E
```

ಇದನ್ನು ಜನರೇಟರ್‌ಗೆ ಸೇರಿಸುವ ಮೊದಲೇ ಬಿಡಿಯಾಗಿ ಪರೀಕ್ಷಿಸಿ. P ಕಾಲಿಗೆ ಸದ್ಯಕ್ಕೆ ಎಂಟನೇ ಸ್ವಿಚ್ ಒಂದನ್ನು ಕೊಡಿ. ಮೊದಲ ಸುತ್ತು ಹಿಂದಿನ ಹಾಗೆಯೇ. ಎರಡನೇ ಸುತ್ತಿನ ಕ್ರಮ D5, D1, D3, D0, D6, D4, D2, P. E ಪ್ರತಿ ಸಲ 1, 0, 1, 0 ಅಂತ ಬದಲಾಗುತ್ತಾ ಕೊನೆಗೆ 0ಯಲ್ಲಿ ನಿಲ್ಲಬೇಕು.

## 6. ಎರಡನ್ನೂ ಸೇರಿಸಿ ತಪ್ಪು ತುರುಕುವುದು

ಎರರ್ ಎಲ್‌ಇಡಿ ಹತ್ತುವುದೇ ಇಲ್ಲ ಅನ್ನುವವರ ಬೋರ್ಡ್‌ನಲ್ಲಿ ಬಹುಪಾಲು ಕಾಣುವುದು ಇದು: ಒಂದೇ ಸ್ವಿಚ್ ಜನರೇಟರ್‌ಗೂ ಚೆಕರ್‌ಗೂ ಖಾಯಂ ಆಗಿ ಹೋಗಿರುತ್ತದೆ. D3 ಬದಲಿಸಿ "ಎರರ್ ಹಾಕಿದೆ" ಅಂದುಕೊಳ್ಳುತ್ತಾರೆ. ಅದು ಎರರ್ ಅಲ್ಲ, ಹೊಸ ಡೇಟಾ. ಜನರೇಟರ್ ಹೊಸ P ಲೆಕ್ಕ ಹಾಕಿ ಕೊಟ್ಟಿರುತ್ತದೆ, ಚೆಕರ್ ಒಪ್ಪಿಕೊಂಡಿರುತ್ತದೆ. ತಪ್ಪು ಆಗಬೇಕಿರುವುದು P ಲೆಕ್ಕವಾದ ಮೇಲೆ, ದಾರಿಯಲ್ಲಿ.

ಆದ್ದರಿಂದ ಜನರೇಟರ್ ಕಡೆಯಿಂದ ಚೆಕರ್ ಕಡೆಗೆ ಎಂಟು ಉದ್ದನೆಯ ಜಂಪರ್ ಹಾಕಿ, ಏಳು ಡೇಟಾಗೆ, ಒಂದು P ಗೆ. ಇದೇ ನಿಮ್ಮ ಕೇಬಲ್. ಚೆಕರ್ ಕಡೆ ಏಳು ಡೇಟಾ ತಂತಿಗೂ ಎಲ್‌ಇಡಿ ಇದ್ದರೆ ತುಂಬಾ ಒಳ್ಳೆಯದು. ಮೋಡ್ ತಂತಿ ಮಾತ್ರ ಈ ಕೇಬಲ್‌ನಲ್ಲಿ ಬೇಡ, ಎರಡೂ ಕಡೆಗೆ ನೇರವಾಗಿ ಕೊಡಿ.

ಮೊದಲು ತಪ್ಪಿಲ್ಲದೆ ನೋಡಿ. ಡೇಟಾ ಸ್ವಿಚ್‌ಗಳನ್ನು ಮನಸ್ಸಿಗೆ ಬಂದ ಹಾಗೆ ಆಡಿಸಿ. E ಅಲ್ಲಾಡಬಾರದು, 0ಯಲ್ಲೇ ಇರಬೇಕು.

ಈಗ ತಪ್ಪು. T ಇಡಿ, ಮೋಡ್ 0. D0 ಜಂಪರ್‌ನ ಜನರೇಟರ್ ಕಡೆಯ ತುದಿ ಕೀಳಿ, ಅದನ್ನು 5 ವೋಲ್ಟ್ ಸಾಲಿಗೆ ಚುಚ್ಚಿ. ಯಾವ ತುದಿ ಅನ್ನುವುದು ಮುಖ್ಯ. ಕೀಳದೆ ಹಾಗೇ P ತಂತಿಗೆ 5 ವೋಲ್ಟ್ ಅಥವಾ ಗ್ರೌಂಡ್ ಮುಟ್ಟಿಸಿದರೆ ಐಸಿ 2ರ ಔಟ್‌ಪುಟ್ ಅನ್ನೇ ಶಾರ್ಟ್ ಮಾಡಿದ ಹಾಗೆ.

ಚೆಕರ್‌ಗೆ ಈಗ ಕಾಣುತ್ತಿರುವುದು 1010101, ಅಂದರೆ U, ಜೊತೆಗೆ T ಗಾಗಿ ಲೆಕ್ಕ ಹಾಕಿದ P = 1. ನಾಲ್ಕು ಮತ್ತೊಂದು ಐದು. ಬೆಸ. E = 1. ಹಿಡಿಯಿತು.

D0 ಹಾಗೇ ಇರಲಿ, D1 ಅನ್ನೂ ಕಿತ್ತು 5 ವೋಲ್ಟ್‌ಗೆ ಚುಚ್ಚಿ. ಈಗ 1010111, ಅಂದರೆ W. ಐದು ಮತ್ತೊಂದು ಆರು. ಸಮ. E ಆರಿಹೋಗುತ್ತದೆ. ತಪ್ಪು ಜಾಸ್ತಿ ಆದಾಗ ಎಚ್ಚರಿಕೆಯ ದೀಪ ಆರುವುದನ್ನು ಕಣ್ಣಾರೆ ನೋಡಿದರೆ ಪ್ಯಾರಿಟಿಯ ಮಿತಿ ಬೇಗ ತಲೆಗೆ ಹೋಗುತ್ತದೆ.

ಎರಡನ್ನೂ ಸರಿಮಾಡಿ P ಜಂಪರ್ ಮಾತ್ರ ಕಿತ್ತು ಗ್ರೌಂಡ್‌ಗೆ ಚುಚ್ಚಿ. ಡೇಟಾ T ಸರಿಯಾಗಿಯೇ ತಲುಪಿದೆ, ಆದರೂ E = 1. ಕೆಟ್ಟಿದ್ದು ಡೇಟಾನೋ P ನೋ ಅನ್ನುವುದು ಚೆಕರ್‌ಗೆ ಗೊತ್ತಾಗುವುದಿಲ್ಲ. ಯಾವ ಬಿಟ್ ಅನ್ನುವುದೂ ಗೊತ್ತಾಗಲ್ಲ, ಹಾಗಾಗಿ ತಿದ್ದುವುದೂ ಸಾಧ್ಯವಿಲ್ಲ. ಮತ್ತೆ ಕಳಿಸು ಅಂತ ಕೇಳಬಹುದು, ಅಷ್ಟೇ.

## 7. ಹಿಡಿಯುವುದು ಯಾವುದು, ಬಿಡುವುದು ಯಾವುದು

ಲೆಕ್ಕ ಸರಳ. ಎಂಟು ತಂತಿಗಳಲ್ಲಿ ತಪ್ಪು ಆಗಬಹುದಾದ ಬಗೆ 255. ಬೆಸ ಸಂಖ್ಯೆಯ ಬಿಟ್ ತಿರುಗಿದ 128 ಬಗೆ ಸಿಕ್ಕಿಬೀಳುತ್ತವೆ. ಸಮ ಸಂಖ್ಯೆಯ 127 ಬಗೆ ಸಿಗುವುದೇ ಇಲ್ಲ. ಆ 127ರಲ್ಲಿ ಎರಡು ಬಿಟ್‌ನವು 28.

"ಹಾಗಾದ್ರೆ ಅರ್ಧ ತಪ್ಪು ತಪ್ಪಿಸಿಕೊಳ್ಳುತ್ತೆ" ಅಂತ ವೈವಾದಲ್ಲಿ ಹೇಳಬೇಡಿ. ಎಲ್ಲ ಬಗೆಯೂ ಸಮಾನವಾಗಿ ನಡೆಯುವುದಿಲ್ಲ. ಪ್ರತಿ ಬಿಟ್ ಸಾವಿರಕ್ಕೆ ಒಂದು ಸಲ, ಪಕ್ಕದ ಬಿಟ್‌ಗೆ ಸಂಬಂಧವಿಲ್ಲದೆ ಕೆಡುತ್ತದೆ ಅಂದುಕೊಳ್ಳಿ. ಹತ್ತು ಲಕ್ಷ ಸಲ ಕಳಿಸಿದರೆ ಸುಮಾರು 8,000 ಸಲ ಒಂದು ಬಿಟ್ ಕೆಡುತ್ತದೆ, ಸುಮಾರು 28 ಸಲ ಎರಡು. ತಪ್ಪಿಸಿಕೊಳ್ಳುವುದು 280ರಲ್ಲಿ ಒಂದರಷ್ಟು. ಆದರೆ "ಸಂಬಂಧವಿಲ್ಲದೆ" ಅನ್ನುವ ಆ ಮಾತು ದೊಡ್ಡ ಷರತ್ತು. ಒಂದೇ ಕಾರಣಕ್ಕೆ ಹಲವು ಬಿಟ್ ಒಟ್ಟಿಗೆ ಕೆಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ.

ಅದಕ್ಕೆ ಒಂದು ಉದಾಹರಣೆ ಮಾಡಿಯೇ ನೋಡಿ. ಚೆಕರ್ ಕಡೆ D1 ಮತ್ತು D2 ಜಂಪರ್‌ಗಳನ್ನು ಅದಲುಬದಲು ಮಾಡಿ. ಎಂಟೂ ತಂತಿ ಗಟ್ಟಿಯಾಗಿವೆ, ಯಾವುದೂ ಕಡಿದಿಲ್ಲ. ಈಗ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಕಳಿಸಿ:

```
ಕಳಿಸಿದ್ದು:   T U M A K U R U
ತಲುಪಿದ್ದು:   R S K A M S T S
E:           0 0 0 0 0 0 0 0
```

T ಅಂದರೆ 1010100. D2 ಮತ್ತು D1 ಜಾಗ ಬದಲಿಸಿದರೆ 1010010, ಅದು R. ಮೂರು 1 ಇದ್ದವು, ಮೂರೇ ಉಳಿದಿವೆ. A ಯಲ್ಲಿ ಆ ಎರಡೂ ಬಿಟ್ 0 ಆಗಿರುವುದರಿಂದ ಅದೊಂದೇ ಸರಿಯಾಗಿ ತಲುಪಿದೆ. ತಂತಿ ಅದಲುಬದಲಾದರೆ 1ಗಳ ಎಣಿಕೆ ಬದಲಾಗುವುದೇ ಇಲ್ಲ, ಹಾಗಾಗಿ ಪ್ಯಾರಿಟಿಗೆ ಈ ತಪ್ಪು ಎಂದಿಗೂ ಕಾಣುವುದಿಲ್ಲ, ಲಕ್ಷ ಅಕ್ಷರ ಕಳಿಸಿದರೂ. P ತಂತಿಯೇ D0 ಜೊತೆ ಬದಲಾಗಿದ್ದರೂ ಅಷ್ಟೆ. ಇದನ್ನು ಹಿಡಿಯಲು ಪ್ಯಾರಿಟಿ ಬೇಡ. ಒಂದು ಸಲಕ್ಕೆ ಒಂದೇ ಸ್ವಿಚ್ 1 ಮಾಡಿ, ಆಚೆ ಕಡೆ ಅದೇ ಎಲ್‌ಇಡಿ ಹತ್ತುತ್ತದೆಯೇ ಅಂತ ನೋಡಿ.

ಇನ್ನೊಂದು ಬಗೆ ಅರ್ಧಂಬರ್ಧ ಕಾಣುವಂಥದ್ದು. D3 ಜಂಪರ್ ಕಿತ್ತು ಗ್ರೌಂಡ್‌ಗೆ ಹಾಕಿ. T ಕಳಿಸಿದರೆ E = 0, ಯಾಕೆಂದರೆ T ಯಲ್ಲಿ D3 ಹೇಗಿದ್ದರೂ 0. K ಕಳಿಸಿದರೆ E = 1. ಕೆಲವು ಅಕ್ಷರಕ್ಕೆ ಮಾತ್ರ ಎರರ್ ಬರುತ್ತಿದೆ ಅಂದರೆ ಒಂದು ತಂತಿ 0 ಅಥವಾ 1ಕ್ಕೆ ಅಂಟಿಕೊಂಡಿದೆ ಅಂತ ಅನುಮಾನಿಸಿ. ಎರರ್ ಬಂದ ಅಕ್ಷರಗಳನ್ನೆಲ್ಲ ಬರೆದು, ಅವುಗಳಲ್ಲಿ ಯಾವ ಬಿಟ್ ಯಾವಾಗಲೂ ಒಂದೇ ಆಗಿದೆ, ಎರರ್ ಬರದ ಅಕ್ಷರಗಳಲ್ಲಿ ಅದರ ಉಲ್ಟಾ ಇದೆ ಅಂತ ನೋಡಿದರೆ ಆ ತಂತಿ ಸಿಗುತ್ತದೆ.

D1, D2 ಎರಡನ್ನೂ ಒಂದಕ್ಕೊಂದು ಶಾರ್ಟ್ ಮಾಡಿ ನೋಡುವವರೂ ಇದ್ದಾರೆ. ಪುಸ್ತಕದ ಪ್ರಕಾರ ಎರಡೂ ಬೇರೆ ಬೇರೆ ಇದ್ದಾಗ ಒಂದು ಬಿಟ್ ಮಾತ್ರ ಕೆಡುತ್ತದೆ, E = 1 ಬರಬೇಕು. ನಿಮ್ಮ ಬೋರ್ಡ್‌ನಲ್ಲಿ ಬರಲ್ಲ. ಜಂಪರ್ ಬರೀ ತಂತಿ, ಚೆಕರ್ ಕಡೆ ಆದ ಶಾರ್ಟ್ ಜನರೇಟರ್ ಕಡೆಗೂ ಶಾರ್ಟೇ. ಜನರೇಟರ್ ಕೆಟ್ಟ ಡೇಟಾಗೇ P ಲೆಕ್ಕ ಹಾಕಿಬಿಡುತ್ತದೆ. ಇದನ್ನು ಸರಿಯಾಗಿ ತೋರಿಸಬೇಕಾದರೆ ಜನರೇಟರ್ ಮತ್ತು ಜಂಪರ್‌ಗಳ ನಡುವೆ ಬಫರ್ ಇರಬೇಕು, ಅದೂ ಶಾರ್ಟ್ ತಡೆಯಬಲ್ಲ ಬಫರ್. ಲ್ಯಾಬ್‌ನಲ್ಲಿ ಈ ಪ್ರಯೋಗ ಬಿಟ್ಟುಬಿಡಿ.

## 8. ಇಡೀ ಕೇಬಲ್ ಕಿತ್ತುಬಂದರೆ

ಮೋಡ್ 0ಯಲ್ಲಿ ಎಂಟೂ ಜಂಪರ್ ಕಿತ್ತುಬಿಡಿ. ಚೆಕರ್‌ಗೆ ಏನೂ ಬರುತ್ತಿಲ್ಲ. E ಹತ್ತಬೇಕು ಅನ್ನಿಸುತ್ತದೆ. ಹತ್ತುವುದಿಲ್ಲ. ಎಲ್‌ಎಸ್ ಐಸಿಗೆ ತೆರೆದ ಕಾಲು ಅಂದರೆ 1, ಎಂಟು 1 ಅಂದರೆ ಸಮ, ಈವನ್‌ಗೆ ಅದು ಸರಿಯಾದ ಡೇಟಾ. ಎಂಟನ್ನೂ ಗ್ರೌಂಡ್ ಮಾಡಿದರೂ 1ಗಳ ಸಂಖ್ಯೆ ಸೊನ್ನೆ, ಅದೂ ಸಮ. ಸತ್ತ ಕೇಬಲ್ ಎರಡೂ ರೀತಿಯಲ್ಲಿ ಪಾಸ್.

ಮೋಡ್ 1 ಮಾಡಿ ಅದನ್ನೇ ಮತ್ತೆ ನೋಡಿ. ಆಡ್‌ನಲ್ಲಿ ಎಂಟು 1 ಬಂದರೂ ಎರರ್, ಎಂಟು 0 ಬಂದರೂ ಎರರ್. ಒಟ್ಟು ಎಂಟು ತಂತಿ ಇರುವಾಗ ಆಡ್ ಪ್ಯಾರಿಟಿಗೆ ಇರುವ ಲಾಭ ಇದು. ದಾರಿಯಲ್ಲಿ ಕನೆಕ್ಟರ್ ಇದೆ ಅಂದರೆ ನಾನು ಆಡ್ ಅನ್ನೇ ಆರಿಸುತ್ತೇನೆ. ಉಳಿದಂತೆ ಎರಡರ ಹಿಡಿಯುವ ಶಕ್ತಿಯಲ್ಲಿ ವ್ಯತ್ಯಾಸವಿಲ್ಲ.

74HC86 ಬಳಸಿದವರಿಗೆ ಈ ಪ್ರಯೋಗ ಬೇರೆ ತರಹ ಕಾಣುತ್ತದೆ. ಅದರ ತೆರೆದ ಕಾಲಿಗೆ ಸ್ಥಿರ ಬೆಲೆ ಇಲ್ಲ, ಕೈ ಹತ್ತಿರ ತಂದರೂ E ಮಿನುಗಬಹುದು. ಚೆಕರ್ ಕಡೆಯ ಎಂಟೂ ಕಾಲಿಗೆ 10 ಕಿಲೋ ಓಮ್ ಅನ್ನು 5 ವೋಲ್ಟ್‌ಗೆ ಹಾಕಿಕೊಳ್ಳಿ.

## 9. E ಏನು ಹೇಳುತ್ತಿದೆ: ಲಕ್ಷಣ ನೋಡಿ ಕಾರಣ ಹುಡುಕುವುದು

ಯಾವ ಡೇಟಾ ಇಟ್ಟರೂ E = 1. ಒಂದು ಕಡೆ ಈವನ್, ಇನ್ನೊಂದು ಕಡೆ ಆಡ್ ಆಗಿದೆ. ಬಹಳ ಸಲ ಒಂದು ಮೋಡ್ ಕಾಲು ತೆರೆದೇ ಉಳಿದಿರುತ್ತದೆ, ತೆರೆದದ್ದು 1 ಅಂದರೆ ಆಡ್.

ತಪ್ಪು ತುರುಕದಿದ್ದರೂ ಒಂದು ಸ್ವಿಚ್ ಆಡಿಸಿದಾಗ ಮಾತ್ರ E ಬದಲಾಗುತ್ತದೆ. ಆ ಬಿಟ್ ಎರಡು ಮರಗಳಲ್ಲಿ ಒಂದಕ್ಕೆ ತಲುಪುತ್ತಿಲ್ಲ. ಆ ಸ್ವಿಚ್‌ಗೆ P ಬದಲಾಗುತ್ತಿದ್ದರೆ ತೊಂದರೆ ಜಂಪರ್ ಅಥವಾ ಚೆಕರ್ ಕಡೆ, P ಬದಲಾಗದಿದ್ದರೆ ಜನರೇಟರ್ ಕಡೆ.

ಎರಡು ಸ್ವಿಚ್ ಒಟ್ಟಿಗೆ 1 ಇದ್ದಾಗ ಮಾತ್ರ ತಪ್ಪು. ಯಾವುದೋ ಒಂದು ಐಸಿ 7486 ಅಲ್ಲ, ಅಥವಾ ಅದರ ಒಂದು ಗೇಟ್ ಹೋಗಿದೆ.

ಎಲ್‌ಇಡಿ ಅರ್ಧ ಬೆಳಕು. ಮೀಟರ್ ಇಡಿ. 0.8ಕ್ಕಿಂತ ಮೇಲೆ, 2ಕ್ಕಿಂತ ಕೆಳಗೆ ಇದ್ದರೆ ಅದು 0ಯೂ ಅಲ್ಲ, 1ಊ ಅಲ್ಲ. ಎರಡು ಔಟ್‌ಪುಟ್ ಒಂದೇ ಸಾಲಿಗೆ ಬಿದ್ದಿವೆಯೇ, ಆ ಐಸಿಯ ಗ್ರೌಂಡ್ ಕಾಲು ಕೂತಿದೆಯೇ ನೋಡಿ.

ಎಲ್‌ಇಡಿಯಲ್ಲಿ ಎಲ್ಲ ಸರಿ, ಆದರೆ E ಗೆ ಕೌಂಟರ್ ಹಾಕಿದರೆ ಸುಮ್ಸುಮ್ನೆ ಎಣಿಸುತ್ತದೆ. ಡೇಟಾ ಚೆಕರ್‌ಗೆ ನೇರ ತಲುಪುತ್ತದೆ, P ಮಾತ್ರ ಜನರೇಟರ್‌ನ ಗೇಟುಗಳನ್ನೆಲ್ಲ ದಾಟಿ ಬರಬೇಕು. ಆ ಕೆಲವು ನ್ಯಾನೋಸೆಕೆಂಡ್ ಹೊಸ ಡೇಟಾ ಜೊತೆ ಹಳೆಯ P ಇರುವುದರಿಂದ E ಒಂದು ಕ್ಷಣ 1 ಆಗುತ್ತದೆ. ಕಣ್ಣಿಗೆ ಕಾಣದು, ಕೌಂಟರ್‌ಗೆ ಕಾಣುತ್ತದೆ. E ಯನ್ನು ನೇರ ಕ್ಲಾಕ್ ಆಗಿ ಬಳಸದೆ, ಡೇಟಾ ನಿಂತ ಮೇಲೆ ಬರುವ ಕ್ಲಾಕ್‌ನಿಂದ ಒಂದು ಫ್ಲಿಪ್‌ಫ್ಲಾಪ್‌ಗೆ ತೆಗೆದುಕೊಳ್ಳಿ.

## 74280 ಸಿಕ್ಕಿದರೆ

ಒಂಬತ್ತು ಇನ್‌ಪುಟ್‌ನ ಈ ಒಂದೇ ಐಸಿ ಎರಡು 7486ರ ಕೆಲಸ ಮಾಡುತ್ತದೆ. ಉಳಿದ ಇನ್‌ಪುಟ್ ಕಾಲುಗಳನ್ನು ಗ್ರೌಂಡ್ ಮಾಡಿ. ಜನರೇಟರ್‌ನಲ್ಲಿ ಎರಡು ಉಳಿಯುತ್ತವೆ, ಚೆಕರ್‌ನಲ್ಲಿ ಒಂದು. ಇದರಲ್ಲಿ ಈವನ್, ಆಡ್ ಅಂತ ಎರಡು ಔಟ್‌ಪುಟ್ ಇವೆ. ಎಡವುವುದು ಅಲ್ಲೇ. ಈವನ್ ಔಟ್‌ಪುಟ್ 1 ಆಗುವುದು ಇನ್‌ಪುಟ್‌ನಲ್ಲಿ 1ಗಳು ಸಮ ಇದ್ದಾಗ. ಈವನ್ ಪ್ಯಾರಿಟಿಗೆ ನಿಮಗೆ ಬೇಕಿರುವ P ಅದರ ಉಲ್ಟಾ, ಅಂದರೆ ಆಡ್ ಔಟ್‌ಪುಟ್. T ಇಟ್ಟು ನೋಡಿ: ಮೂರು 1, ಆಡ್ ಔಟ್‌ಪುಟ್ 1, ಅದೇ P. ಈವನ್ ಪ್ಯಾರಿಟಿಯ ಚೆಕರ್‌ನಲ್ಲೂ E ಗೆ ತೆಗೆದುಕೊಳ್ಳಬೇಕಾದ್ದು ಆಡ್ ಔಟ್‌ಪುಟ್ಟೇ. ಆಡ್ ಪ್ಯಾರಿಟಿಗೆ ಎರಡೂ ಕಡೆ ಈವನ್ ಔಟ್‌ಪುಟ್.